ಮುಂಗಡ ತಗೊಂಡಿದ್ದೇನೆ, ಖರ್ಚೂ ಮಾಡಿದ್ದೇನೆ. ಈಗ ಬಿಲ್ ಹೇಗೆ ಬರೆಯಲಿ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಟ್ರೇಡ್‌ಮಾರ್ಕ್ ಏಜೆಂಟ್, ಜಿಎಸ್‌ಟಿ ನೋಂದಣಿ ಇದೆ. ದಾವಣಗೆರೆಯ ಮಸಾಲೆ, ಉಪ್ಪಿನಕಾಯಿ ಕಂಪನಿಯೊಂದು ಗಂಟೆಗೆ 3,000 ರೂಪಾಯಿಯಂತೆ ಕೆಲಸ ಒಪ್ಪಿಸಿತು. ರಿಟೇನರ್ ಅಂತ 59,000 ಮೊದಲೇ ಕೊಟ್ಟರು. ಅರ್ಜಿ ಶುಲ್ಕ 9,000 ನಾನೇ ಕಟ್ಟಿದೆ, ಟ್ಯಾಕ್ಸಿಗೆ 4,500 ಹೋಯಿತು. ಎಲ್ಲಾ ಸೇರಿಸಿ ಒಂದೇ ಮೊತ್ತಕ್ಕೆ ಜಿಎಸ್‌ಟಿ ಹಾಕಿಬಿಡಲೇ?

ಉತ್ತರ: ಬೇಡ. ನಿಮ್ಮ ಕೈಯಿಂದ ಹೋದ ಆ ಎರಡು ಖರ್ಚುಗಳು ನೋಡಲು ಒಂದೇ ಥರ, ಆದರೆ ಬಿಲ್‌ನಲ್ಲಿ ಅವುಗಳ ಜಾಗ ಬೇರೆ ಬೇರೆ.

ಅರ್ಜಿ ಶುಲ್ಕ ನೋಡಿ. ಉಪ್ಪಿನಕಾಯಿ 29ನೇ ವರ್ಗ, ಮಸಾಲೆ ಪುಡಿ 30ನೇ ವರ್ಗ. ಕಂಪನಿಗೆ ಉದ್ಯಮ್ ನೋಂದಣಿ ಇದ್ದಿದ್ದರಿಂದ ಆನ್‌ಲೈನ್ ಅರ್ಜಿಗೆ ವರ್ಗಕ್ಕೆ 4,500 ಬಿದ್ದಿದೆ, ಇಲ್ಲದಿದ್ದರೆ ವರ್ಗಕ್ಕೇ 9,000 ಆಗುತ್ತಿತ್ತು. ಈ ಹಣ ಕಟ್ಟಬೇಕಾದವರು ಅವರು, ನೀವಲ್ಲ. ಅರ್ಜಿ ಅವರ ಹೆಸರಲ್ಲಿದೆ, ನೀವು ಸುಮ್ನೆ ದಾಟಿಸಿದ್ದೀರಿ ಅಷ್ಟೆ. ಜಿಎಸ್‌ಟಿ ನಿಯಮ 33 ಇಂಥವರನ್ನು ಪ್ಯೂರ್ ಏಜೆಂಟ್ ಅನ್ನುತ್ತದೆ. ಕಂಪನಿ ನೋಂದಣಿಗೆ ರಿಜಿಸ್ಟ್ರಾರ್‌ಗೆ ಕಟ್ಟುವ ಶುಲ್ಕವನ್ನೇ ಆ ನಿಯಮ ಉದಾಹರಣೆಯಾಗಿ ಕೊಟ್ಟಿದೆ. ಷರತ್ತುಗಳು ಕಷ್ಟದವಲ್ಲ. ಅವರ ಪರವಾಗಿ ಕಟ್ಟಲು ಅವರ ಒಪ್ಪಿಗೆ ಇರಬೇಕು (ಒಂದು ಇಮೇಲ್ ಇಟ್ಟುಕೊಂಡರೆ ಒಳ್ಳೆಯದು). ಬಿಲ್‌ನಲ್ಲಿ ಅದನ್ನು ಬೇರೆ ಸಾಲಿನಲ್ಲಿ ತೋರಿಸಬೇಕು. ಕಟ್ಟಿದ್ದಕ್ಕಿಂತ ಒಂದು ರೂಪಾಯಿಯೂ ಜಾಸ್ತಿ ಕೇಳಬಾರದು. 9,000 ಕಟ್ಟಿ "ಅರ್ಜಿ ಖರ್ಚು 10,000" ಅಂತ ಬರೆದರೆ ಈ ವಿನಾಯಿತಿ ಕೈತಪ್ಪುತ್ತದೆ.

ಟ್ಯಾಕ್ಸಿ ಹಾಗಲ್ಲ. ದಾವಣಗೆರೆಗೆ ಹೋದದ್ದು ನಿಮ್ಮ ಕೆಲಸ ಮಾಡಲು, ಟ್ಯಾಕ್ಸಿಯವನು ಸೇವೆ ಕೊಟ್ಟದ್ದೂ ನಿಮಗೆ. ಗ್ರಾಹಕರಿಂದ ವಾಪಸ್ ಪಡೆಯುತ್ತೀರಿ ಅಂದ ಮಾತ್ರಕ್ಕೆ ಅದು ಅವರ ಖರ್ಚಾಗುವುದಿಲ್ಲ. ಅದು ನಿಮ್ಮ ಸೇವೆಯ ಬೆಲೆಯೊಳಗೆ ಸೇರುತ್ತದೆ, 18% ಜಿಎಸ್‌ಟಿ ಬೀಳುತ್ತದೆ. ಹೋಟೆಲ್, ಕೊರಿಯರ್, ಜೆರಾಕ್ಸ್ ಎಲ್ಲದಕ್ಕೂ ಇದೇ ಮಾತು. "ರೀಇಂಬರ್ಸ್‌ಮೆಂಟ್ ಅಂತ ಬರೆದರೆ ತೆರಿಗೆ ಇಲ್ಲ ಅಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ಹೆಸರು ಬದಲಿಸಿದರೆ ಸಾಲದು.

ಇನ್ನು ರಿಟೇನರ್. ಈ ಒಂದೇ ಪದದಲ್ಲಿ ಎರಡು ವ್ಯವಹಾರ ಅಡಗಿರುತ್ತವೆ. ಕೆಲಸ ಇರಲಿ ಬಿಡಲಿ, ನೀವು ಕೈಗೆ ಸಿಗಬೇಕು ಅಂತ ತಿಂಗಳಿಗಿಷ್ಟು ಕೊಡುವುದು ಒಂದು. ಅದಕ್ಕೆ ಪ್ರತಿ ತಿಂಗಳು ಮಾಮೂಲಿ ಬಿಲ್, ಹೊಂದಾಣಿಕೆ ಏನೂ ಇಲ್ಲ. ನಿಮ್ಮದು ಎರಡನೆಯದು, ಮುಂದೆ ಮಾಡುವ ಕೆಲಸಕ್ಕೆ ಮುಂಗಡ. ಸೇವೆಯ ಮುಂಗಡ ಕೈಸೇರಿದಾಗಲೇ ಜಿಎಸ್‌ಟಿ ಕಟ್ಟುವ ಹೊಣೆ ಬರುತ್ತದೆ. ಆದ್ದರಿಂದ 59,000ವನ್ನು 50,000 ಮತ್ತು 9,000 ಜಿಎಸ್‌ಟಿ ಅಂತ ಒಡೆದು ರಸೀದಿ ವೋಚರ್ ಕೊಡಬೇಕು, ಆ ಅವಧಿಯ ರಿಟರ್ನ್‌ನಲ್ಲಿ ತೋರಿಸಿ ಕಟ್ಟಬೇಕು. ಆಗ ಬಿಟ್ಟಿದ್ದರೆ ಈಗಲೇ ನಿಮ್ಮ ಆಡಿಟರ್ ಹತ್ತಿರ ಮಾತಾಡಿ, ಬಡ್ಡಿ ಬೆಳೆಯುತ್ತಿರುತ್ತದೆ. ಅಕಸ್ಮಾತ್ ಬಿಲ್ ಮಾಡುವ ಮೊದಲೇ ಕೆಲಸ ನಿಂತು ಹಣ ಹಿಂದಿರುಗಿಸಬೇಕಾದರೆ ಅದಕ್ಕೆ ರೀಫಂಡ್ ವೋಚರ್ ಇದೆ.

ಗಂಟೆಗಳ ಪಟ್ಟಿಗೆ ಬರೋಣ, ಜಗಳ ಶುರುವಾಗುವುದು ಅಲ್ಲಿಯೇ. ವಕೀಲರ ಕಚೇರಿಗಳಲ್ಲಿ ಗಂಟೆಯನ್ನು ಹತ್ತು ಪಾಲು ಮಾಡಿ ಆರಾರು ನಿಮಿಷದ ಲೆಕ್ಕ ಇಡುವ ರೂಢಿಯಿದೆ. 0.4 ಅಂದರೆ 24 ನಿಮಿಷ. 1.3 ಅಂದರೆ 1 ಗಂಟೆ 18 ನಿಮಿಷ, ಒಂದು ಗಂಟೆ 30 ನಿಮಿಷ ಅಲ್ಲ. ಇದನ್ನು ತಪ್ಪಾಗಿ ಬರೆದು 12 ನಿಮಿಷ ಕಳೆದುಕೊಂಡವರನ್ನು ನೋಡಿದ್ದೇನೆ. ಸಾಲುಗಳು ಹೀಗಿರಲಿ:

ಜೂನ್ 4 – 29ನೇ ವರ್ಗದಲ್ಲಿ ಹೋಲುವ ಹೆಸರುಗಳ ಹುಡುಕಾಟ – 2.3
ಜೂನ್ 4 – ಹುಡುಕಾಟದಲ್ಲಿ ಸಿಕ್ಕ ಎರಡು ಹೆಸರುಗಳ ಬಗ್ಗೆ ಕಂಪನಿಯವರ ಜೊತೆ ಫೋನ್ – 0.4
ಜೂನ್ 6 – ಹಳೆಯ ಬಿಲ್, ಲೇಬಲ್ ನೋಡಿ ಬಳಕೆಯ ಅಫಿಡವಿಟ್ ಕರಡು – 1.8

"ಟ್ರೇಡ್‌ಮಾರ್ಕ್ ಕೆಲಸ – 4.5" ಅಂತ ಒಂದೇ ಸಾಲು ಬರೆದರೂ ಮೊತ್ತ ಅದೇ. ಆದರೆ ಗ್ರಾಹಕರಿಗೆ ಅದರಲ್ಲಿ ಏನೂ ಕಾಣುವುದಿಲ್ಲ, "ಇಷ್ಟೊತ್ತು ಏನ್ ಮಾಡಿದ್ರಿ ಸಾರ್?" ಅನ್ನುತ್ತಾರೆ. ನಾನೂ ಒಂದು ಕಾಲದಲ್ಲಿ ವಾರದ ಲೆಕ್ಕವನ್ನು ಶನಿವಾರ ನೆನಪಿನಿಂದ ಬರೆಯುತ್ತಿದ್ದೆ. ಎಲ್ಲಾ ಸಾಲುಗಳೂ 1.0, 2.0, 3.0. ಒಬ್ಬ ಗ್ರಾಹಕರು ಅದನ್ನು ನೋಡಿ ನಕ್ಕರು, ಆಮೇಲೆ ಮೂರು ಗಂಟೆ ಕಡಿಸಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಅವತ್ತಿನಿಂದ ಫೋನ್ ಇಟ್ಟ ಕೂಡಲೇ ಬರೆಯುತ್ತೇನೆ.

ನಿಮ್ಮ ಪಟ್ಟಿ ಒಟ್ಟು 18.5 ಗಂಟೆ ಬಂದಿದೆ ಅಂತ ಇಟ್ಟುಕೊಳ್ಳೋಣ. ಬಿಲ್ ಹೀಗಾಗುತ್ತದೆ:

ಶುಲ್ಕ, 18.5 ಗಂಟೆ × 3,000: 55,500
ಪ್ರಯಾಣ: 4,500
ತೆರಿಗೆ ಬೀಳುವ ಮೊತ್ತ: 60,000
ಸಿಜಿಎಸ್‌ಟಿ 9%: 5,400
ಎಸ್‌ಜಿಎಸ್‌ಟಿ 9%: 5,400
ಪ್ಯೂರ್ ಏಜೆಂಟ್ ಆಗಿ ಕಟ್ಟಿದ ಅರ್ಜಿ ಶುಲ್ಕ: 9,000
ಒಟ್ಟು: 79,800
ಕಳೆಯಿರಿ, ಮುಂಗಡ (ವೋಚರ್ ನಂಬರ್, ತಾರೀಖು): 59,000
ಬರಬೇಕಾದ್ದು: 20,800

ಜಿಎಸ್‌ಟಿ 10,800ರಲ್ಲಿ 9,000 ಮುಂಗಡದ ಜೊತೆಗೇ ಕಟ್ಟಿಯಾಗಿದೆ, ಈಗ ಉಳಿದದ್ದು 1,800. ಮುಂಗಡವನ್ನು ಮೇಲೆಯೇ ಶುಲ್ಕದಿಂದ ಕಳೆದು ಉಳಿದದ್ದಕ್ಕೆ ಮಾತ್ರ ಬಿಲ್ ಮಾಡಬೇಡಿ. ಪೂರ್ತಿ ಸೇವೆಗೆ ಪೂರ್ತಿ ಬಿಲ್, ಮುಂಗಡ ಕೊನೆಯಲ್ಲಿ. ಗಂಟೆಗಳ ಪಟ್ಟಿಯನ್ನೂ ಅರ್ಜಿ ಶುಲ್ಕದ ರಸೀದಿಯನ್ನೂ ಲಗತ್ತಿಸಿ.

ವಕೀಲರು ಇದನ್ನು ಹಾಗೇ ನಕಲು ಮಾಡುವಂತಿಲ್ಲ. ವ್ಯಾಪಾರ ಸಂಸ್ಥೆಗಳಿಗೆ ಕೊಡುವ ಕಾನೂನು ಸೇವೆಗೆ ಸಾಮಾನ್ಯವಾಗಿ ಜಿಎಸ್‌ಟಿಯನ್ನು ಆ ಸಂಸ್ಥೆಯೇ ರಿವರ್ಸ್ ಚಾರ್ಜ್‌ನಲ್ಲಿ ಕಟ್ಟುತ್ತದೆ, ವಕೀಲರ ಬಿಲ್‌ನಲ್ಲಿ ತೆರಿಗೆಯ ಮೊತ್ತ ಸೇರುವುದಿಲ್ಲ. ಜೊತೆಗೆ ಬಾರ್ ಕೌನ್ಸಿಲ್ ನಿಯಮವೊಂದಿದೆ. ಕಕ್ಷಿದಾರರು ಕೊಟ್ಟ ಹಣ ಶುಲ್ಕಕ್ಕೋ ಖರ್ಚಿಗೋ ಅಂತ ಲೆಕ್ಕದಲ್ಲಿ ಬರೆದಿರಬೇಕು. ಖರ್ಚಿಗೆಂದು ಕೊಟ್ಟದ್ದನ್ನು ಕೇಸು ನಡೆಯುವಾಗ ಅವರ ಲಿಖಿತ ಒಪ್ಪಿಗೆ ಇಲ್ಲದೆ ಶುಲ್ಕಕ್ಕೆ ತಿರುಗಿಸುವಂತಿಲ್ಲ.

ನಿಮ್ಮ ಬಿಲ್‌ನಲ್ಲಿ ಉಳಿದದ್ದು ಟಿಡಿಎಸ್. ವೃತ್ತಿ ಶುಲ್ಕಕ್ಕೆ 10%. ವರ್ಷಕ್ಕೆ 50,000 ದಾಟಿದರೆ ಹಿಡಿಯಬೇಕು ಅನ್ನುವ ಮಿತಿ 2025ರ ಏಪ್ರಿಲ್‌ನಿಂದ ಇದೆ, ಮೊದಲು ಅದು 30,000 ಇತ್ತು. ಮುಂಗಡದಲ್ಲಿ ಅವರು ಹಿಡಿದಿಲ್ಲ ಅಂದರೆ ಈಗ ಪೂರ್ತಿ 60,000ಕ್ಕೆ 6,000 ಹಿಡಿಯುತ್ತಾರೆ, ನಿಮಗೆ 14,800 ಬರುತ್ತದೆ. ಜಿಎಸ್‌ಟಿ ಬೇರೆ ಸಾಲಿನಲ್ಲಿದ್ದರೆ ಅದರ ಮೇಲೆ ಟಿಡಿಎಸ್ ಇಲ್ಲ. ಅರ್ಜಿ ಶುಲ್ಕದ 9,000 ಬಗ್ಗೆ ಮಾತ್ರ ಅಕೌಂಟೆಂಟ್‌ಗಳಲ್ಲಿ ಒಮ್ಮತವಿಲ್ಲ. ಬಿಲ್‌ನೊಳಗೆ ಬಂದದ್ದಕ್ಕೆಲ್ಲ ಹಿಡಿಯುವವರಿದ್ದಾರೆ, ರಸೀದಿ ನೋಡಿ ಬಿಡುವವರೂ ಇದ್ದಾರೆ. ಮುಂದಿನ ಸಲ ಆ ಶುಲ್ಕವನ್ನು ಗ್ರಾಹಕರ ಖಾತೆಯಿಂದಲೇ ಕಟ್ಟಿಸಿ, ಈ ತಕರಾರೇ ಇರುವುದಿಲ್ಲ.

ಬ್ಯಾಂಕಿಗೆ 14,800ರ ಬದಲು 12,820 ಬಂದರೆ ಗಾಬರಿಯಾಗಬೇಡಿ. ಒಟ್ಟು 79,800ಕ್ಕೂ 10% ಹಿಡಿದಿದ್ದಾರೆ ಅಂತ ಅರ್ಥ. ಹಣವನ್ನು ಇನ್ನೂ ಸರ್ಕಾರಕ್ಕೆ ಕಟ್ಟಿಲ್ಲದಿದ್ದರೆ ಬಿಲ್‌ನ ಸಾಲು ತೋರಿಸಿ ಸರಿಮಾಡಿಸಿ. ಕಟ್ಟಿಯಾಗಿದ್ದರೆ 7,980 ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಅಂತ 26ಎಎಸ್‌ನಲ್ಲಿ ನೋಡಿ, ರಿಟರ್ನ್ ಹಾಕುವಾಗ ಪೂರ್ತಿ ಕ್ಲೇಮ್ ಮಾಡಿಕೊಳ್ಳಿ.