ಮದಕರಿಯ ಕುದುರೆ ಕಾಲೆತ್ತಿದರೆ ಏನರ್ಥ?

ಪ್ರಶ್ನೆ: ಕುದುರೆಯ ಎರಡು ಮುಂಗಾಲೂ ಮೇಲಿದ್ದರೆ ಸವಾರ ಯುದ್ಧದಲ್ಲಿ ಮಡಿದವನು, ಒಂದೇ ಕಾಲು ಮೇಲಿದ್ದರೆ ಗಾಯಗೊಂಡು ಆಮೇಲೆ ಸತ್ತವನು, ನಾಲ್ಕೂ ಕಾಲು ನೆಲದಲ್ಲಿದ್ದರೆ ಸಹಜವಾಗಿ ತೀರಿಕೊಂಡವನು ಎನ್ನುತ್ತಾರೆ. ಚಿತ್ರದುರ್ಗದ ಮದಕರಿ ನಾಯಕನ ಪ್ರತಿಮೆಯನ್ನೂ ಹೀಗೆ ಓದಬಹುದೇ?

ಓದಬಾರದು. ಮೊಬೈಲಿನಿಂದ ಮೊಬೈಲಿಗೆ ಹಾರುವ ಈ ಸೂತ್ರ ಎಷ್ಟು ಚೆಂದವಾಗಿದೆಯೆಂದರೆ, ಸುಳ್ಳು ಎಂದು ಹೇಳುವಾಗ ನನಗೇ ಕೊಂಚ ಬೇಸರವಾಗುತ್ತದೆ. ಮದಕರಿಯ ಕಥೆಯನ್ನೇ ಇದಕ್ಕೆ ಹೊಂದಿಸಿ ನೋಡಿ. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದಾಗ ನಾಯಕ ರಣರಂಗದಲ್ಲಿ ಬೀಳಲಿಲ್ಲ. ಅವನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು, ಅವನು ಮರಳಿ ದುರ್ಗಕ್ಕೆ ಬರಲಿಲ್ಲ. ನಾಡಿನ ಸಾವಿರಾರು ಬೇಡರನ್ನೂ ಅದೇ ದಾರಿಯಲ್ಲಿ ಸಾಗಿಸಿದರು. ಸೆರೆಯಾಳಿನ ಕುದುರೆ ಎಷ್ಟು ಕಾಲು ಎತ್ತಬೇಕು? ಆ ಸೂತ್ರದಲ್ಲಿ ಸೆರೆಗೆ ಜಾಗವೇ ಇಲ್ಲ. ಕಿತ್ತೂರು ಚೆನ್ನಮ್ಮನ ಗತಿಯೂ ಇದೇ. ಕುದುರೆಯೇರಿ ಕತ್ತಿ ಹಿಡಿದ ಆಕೆಯ ಪ್ರತಿಮೆಗಳನ್ನು ಎಷ್ಟೋ ಊರುಗಳಲ್ಲಿ ನೋಡುತ್ತೇವೆ, ಆದರೆ ಆಕೆ 1829ರಲ್ಲಿ ಕಣ್ಣು ಮುಚ್ಚಿದ್ದು ಬೈಲಹೊಂಗಲದ ಸೆರೆಯಲ್ಲಿ.

ಈ ಸೂತ್ರ ಬಂದಿರುವುದು ಹೊರಗಿನಿಂದ. ಅಮೆರಿಕದ ಅಂತರ್ಯುದ್ಧದಲ್ಲಿ, 1863ರಲ್ಲಿ, ಗೆಟ್ಟಿಸ್‌ಬರ್ಗ್ ಎಂಬಲ್ಲಿ ದೊಡ್ಡ ಕಾಳಗ ನಡೆಯಿತು. ಆ ಬಯಲಿನಲ್ಲಿರುವ ಸೇನಾಪತಿಗಳ ಪ್ರತಿಮೆಗಳಲ್ಲಿ ಹೆಚ್ಚಿನವು ಈ ಲೆಕ್ಕಕ್ಕೆ ಹೊಂದುತ್ತವೆ. ಅಲ್ಲಿಗೆ ಹೋದವರು ಅದನ್ನೇ ಲೋಕದ ನಿಯಮವೆಂದು ಹೇಳುತ್ತ ಬಂದರು. ಅದೇ ದೇಶದ ರಾಜಧಾನಿಯಲ್ಲಿ ಆಂಡ್ರ್ಯೂ ಜಾಕ್ಸನ್ ಎಂಬ ಅಧ್ಯಕ್ಷನ ಪ್ರತಿಮೆ 1853ರಿಂದ ನಿಂತಿದೆ. ಅದರ ಕುದುರೆ ಎರಡೂ ಮುಂಗಾಲನ್ನು ಗಾಳಿಗೆ ಎತ್ತಿದೆ. ಜಾಕ್ಸನ್ ಸತ್ತದ್ದು ಮುಪ್ಪಿನಲ್ಲಿ, ತನ್ನ ಮನೆಯಲ್ಲಿ.

ಹಾಗಾದರೆ ಕಾಲು ಎತ್ತಿಸುವುದೇಕೆ? ಸವಾರನಿಗೆ ಗತ್ತು ಬರಲಿ ಎಂದು. ಎಷ್ಟು ಎತ್ತಿಸಬಹುದು ಎಂಬುದನ್ನು ತೂಕ ನಿರ್ಧರಿಸುತ್ತದೆ. ಸವಾರನ ಸಮೇತ ಇಡೀ ಕುದುರೆಯ ಭಾರ ಎರಡು ತೆಳ್ಳನೆಯ ಹಿಂಗಾಲುಗಳ ಮೇಲೆ ಬಿದ್ದರೆ ಪ್ರತಿಮೆ ಮುಗ್ಗರಿಸುತ್ತದೆ. ಅದಕ್ಕೇ ಶಿಲ್ಪಿಗಳು ಬಾಲವನ್ನು ನೆಲಕ್ಕೆ ಮುಟ್ಟಿಸಿ ಮೂರನೆಯ ಕಾಲಾಗಿಸುತ್ತಾರೆ, ಇಲ್ಲವೇ ಮುಂಭಾಗವನ್ನು ಟೊಳ್ಳಾಗಿಸಿ ಹಿಂಭಾಗಕ್ಕೆ ಭಾರ ತುಂಬುತ್ತಾರೆ. ನಮ್ಮ ಊರುಗಳ ಸಿಮೆಂಟಿನ ಕುದುರೆಗಳಲ್ಲಿ ಹೊಟ್ಟೆಯ ಕೆಳಗೆ ಒಂದು ಬಂಡೆಯೋ ಪೊದೆಯೋ ಕಾಣಿಸುತ್ತದಲ್ಲ, ಅದು ಅಲಂಕಾರಕ್ಕಿಟ್ಟದ್ದಲ್ಲ, ಮರೆಮಾಚಿದ ಊರುಗೋಲು. ಕಾಲಿನ ಸಂಖ್ಯೆ ನಿಮಗೆ ಶಿಲ್ಪಿಯ ಧೈರ್ಯವನ್ನೂ ಸಮಿತಿಯ ಕೈಯಲ್ಲಿದ್ದ ದುಡ್ಡನ್ನೂ ಹೇಳೀತು, ಸವಾರನ ಸಾವನ್ನಲ್ಲ.

ವೃತ್ತದ ಪ್ರತಿಮೆಯಿಂದ ಇತಿಹಾಸ ತಿಳಿಯಬೇಕಾದರೆ ಕುದುರೆಯಿಂದ ಕಣ್ಣು ಕೆಳಗಿಳಿಸಿ ಪೀಠದ ಫಲಕ ಓದಿ. ಯಾವ ಇಸವಿಯಲ್ಲಿ ಅನಾವರಣವಾಯಿತು, ಯಾರು ಮಾಡಿದರು, ಖರ್ಚು ನಗರಸಭೆಯದೋ ಒಂದು ಸಂಘದ್ದೋ ದಾನಿಗಳದೋ? ಅಲ್ಲಿ ಬರೆದಿರುವುದು ನಾಯಕನ ಕಾಲದ ಇತಿಹಾಸವಲ್ಲ, ಅವನನ್ನು ನೆನೆಯಲು ಹೊರಟವರ ಕಾಲದ್ದು. ಒನಕೆ ಓಬವ್ವನನ್ನು ನೋಡಿ. ಆಕೆಯ ಕಾಲದಲ್ಲಿ ಬರೆದ ಚಿತ್ರವೊಂದೂ ನಮಗೆ ಉಳಿದಿಲ್ಲ. ಪ್ರತಿಮೆಯ ಮುಖ, ಸೀರೆಯ ಕಚ್ಚೆ ಎಲ್ಲವೂ ಶಿಲ್ಪಿಯ ಊಹೆ. ಆಕೆಯನ್ನು ಗುರುತಿಸುವುದು ಒನಕೆಯೊಂದೇ. ಇನ್ನು ಸರ್ಕಾರ ನವೆಂಬರ್ 11ನ್ನು ಓಬವ್ವ ಜಯಂತಿ ಎಂದು ಘೋಷಿಸಿದ್ದು 2021ರಲ್ಲಿ. ಕಹಳೆ ಊದುವ ಕಾವಲುಗಾರನ ಹೆಂಡತಿ ಸರ್ಕಾರಿ ಪಂಚಾಂಗಕ್ಕೆ ಬರಲು ಎರಡೂವರೆ ಶತಮಾನ ಹಿಡಿಯಿತು.

ನಿಮ್ಮ ಪ್ರಶ್ನೆಯ ಹಿಂದಿರುವ ಆಸೆ ಮಾತ್ರ ಸುಳ್ಳಲ್ಲ. ಸತ್ತವನು ಹೇಗೆ ಸತ್ತ ಎಂದು ಕಲ್ಲನ್ನು ನೋಡಿಯೇ ತಿಳಿಯುವ ಭಾಷೆಯೊಂದು ನಮ್ಮಲ್ಲಿ ನಿಜವಾಗಿಯೂ ಇದೆ. ಅದಕ್ಕೆ ವೃತ್ತ ಬಿಟ್ಟು ಹಳ್ಳಿಗೆ ನಡೆಯಬೇಕು. ಕೆರೆ ಏರಿಯ ಮೇಲೋ ಹನುಮಪ್ಪನ ಗುಡಿಯ ಪಕ್ಕದಲ್ಲೋ ಓರೆಯಾಗಿ ನಿಂತಿರುವ ವೀರಗಲ್ಲೇ ಅದು.

ಸಾಮಾನ್ಯವಾಗಿ ವೀರಗಲ್ಲಿಗೆ ಮೂರು ಅಂಕಣ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವ ದೃಶ್ಯ, ಮೇಲಿನದರಲ್ಲಿ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ನೆತ್ತಿಯಲ್ಲಿ ಸೂರ್ಯ ಚಂದ್ರರು, ಅವರಿರುವ ತನಕ ಈ ಹೆಸರು ಇರಲಿ ಎಂದು. ಸತ್ತ ಬಗೆ ಇರುವುದು ಕೆಳಗಿನ ಅಂಕಣದಲ್ಲಿ. ಅಲ್ಲಿ ದನಗಳ ಸಾಲು ಇದ್ದರೆ ಅದು ತುರುಗೊಳ್, ಅಂದರೆ ಊರಿನ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆಯುತ್ತ ಸತ್ತವನು. ಹುಲಿಯೋ ಹಂದಿಯೋ ಇದ್ದರೆ ಬೇಟೆಯಲ್ಲಿ ಸತ್ತವನು. ಇಲ್ಲಿಯೂ ಕುದುರೆ ಬರುತ್ತದೆ. ಅದು ಎಷ್ಟು ಕಾಲು ಎತ್ತಿದೆ ಎಂದು ಇಲ್ಲಿಯೂ ಎಣಿಸಬೇಕಾಗಿಲ್ಲ, ಮೇಲೆ ಕುಳಿತವನು ವೀರನೋ ಅವನ ಎದುರಾಳಿಯೋ ಎಂದು ನೋಡಿದರೆ ಸಾಕು. ಆಕೃತಿಗಳಲ್ಲಿ ದೊಡ್ಡದಾಗಿ ಕೊರೆದಿರುವವನೇ ಹೆಚ್ಚಾಗಿ ವೀರ.

ಪಕ್ಕದಲ್ಲೇ ಕಂಬದಿಂದ ಚಾಚಿಕೊಂಡ ತೋಳೊಂದು ಮೊಣಕೈಯಲ್ಲಿ ಮಡಚಿ, ಅಂಗೈ ತೆರೆದು ನಿಂತಿದ್ದರೆ ಅದು ಮಾಸ್ತಿಗಲ್ಲು, ಗಂಡನ ಚಿತೆಯೇರಿದವಳದು. ಆ ಕೈಯಲ್ಲಿ ಬಳೆಗಳನ್ನು ಬಿಡದೆ ಕೊರೆದಿರುತ್ತಾರೆ, ಆಕೆ ಮುತ್ತೈದೆಯಾಗಿಯೇ ಹೋದಳು ಎನ್ನಲು. ಇನ್ನೂ ಅಪರೂಪಕ್ಕೆ, ಬಾಗಿಸಿದ ಗಳಕ್ಕೆ ಕೂದಲು ಕಟ್ಟಿ ಕುಳಿತವನ ಚಿತ್ರ ಸಿಗಬಹುದು. ತಲೆ ಕಡಿದಾಗ ಗಳ ಚಿಮ್ಮಿ ಅದನ್ನು ಮೇಲಕ್ಕೆ ಒಯ್ಯುತ್ತಿತ್ತು. ಇದು ಸಿಡಿತಲೆಯ ಕಲ್ಲು, ತಾನಾಗಿಯೇ ತಲೆಕೊಟ್ಟವನದು.

ಎಡವಲು ಇಲ್ಲಿಯೂ ದಾರಿಗಳಿವೆ. ರಸ್ತೆ ಅಗಲಿಸುವಾಗ, ಗುಡಿ ಕಟ್ಟುವಾಗ ಈ ಕಲ್ಲುಗಳನ್ನು ಎತ್ತಿ ಬೇರೆಡೆ ನಿಲ್ಲಿಸುತ್ತಾರೆ. ಹಾಗಾಗಿ ಕಾಳಗ ಅದೇ ಜಾಗದಲ್ಲಿ ನಡೆಯಿತು ಎಂದು ಹೇಳಲಾಗದು. ಎಷ್ಟೋ ಕಲ್ಲುಗಳು ಈಗ ವೀರಭದ್ರನೋ ಊರಮ್ಮನೋ ಆಗಿ ಪೂಜೆ ಪಡೆಯುತ್ತಿವೆ. ಎಣ್ಣೆ ಕುಂಕುಮದ ಪದರದಡಿ ದನ ಯಾವುದು, ಹುಲಿ ಯಾವುದು ತಿಳಿಯದು. ಕೆರೆದು ನೋಡಲು ಹೋಗಬೇಡಿ, ಕಲ್ಲೂ ಹಾಳು, ಊರವರ ಮನಸ್ಸೂ ಹಾಳು. ಬೆಳಗ್ಗೆ ಬೇಗ ಇಲ್ಲವೇ ಸಂಜೆ ಹೋಗಿ. ಬಿಸಿಲು ಪಕ್ಕದಿಂದ ಓರೆಯಾಗಿ ಬೀಳುವ ಆ ಹೊತ್ತಿನಲ್ಲಿ ಸವೆದ ಗೆರೆಗಳಿಗೂ ನೆರಳು ಮೂಡುತ್ತದೆ, ನಡುಹಗಲಲ್ಲಿ ಬೋಳಾಗಿ ಕಂಡ ಕಲ್ಲಿನಲ್ಲಿ ದನಗಳ ಕೊಂಬು ಒಂದೊಂದಾಗಿ ಎದ್ದು ಕಾಣುತ್ತದೆ.