ಗೂಬೆಯ ಮೇಲಿನ ಉಳಿಯೇಟು

ಹೋದ ವರ್ಷ ಒಬ್ಬರು ಹಳೆಯ ಬೆಳ್ಳಿ ನಾಣ್ಯವೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ನನ್ನ ಮೇಜಿನ ಮುಂದೆ ಕುಳಿತರು. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದಂತೆ. ಮುದ್ರಾಂಕಿತ ನಾಣ್ಯ, ಒಂದು ಮುಖದಲ್ಲಿ ಸೂರ್ಯ, ಆರು ಕೈಗಳ ಚಕ್ರ ಸೇರಿ ಐದು ಮುದ್ರೆಗಳು. ತಿರುಗಿಸಿ ನೋಡಿದರೆ ಹಿಂಭಾಗ ಕನ್ನಡಿಯಂತೆ ಹೊಳೆಯುತ್ತಿತ್ತು. "ಅಲ್ಲಿ ಏನೇನೋ ಚುಚ್ಚಿದ ಗಾಯಗಳಿದ್ದವು ಸಾರ್, ಅಸಹ್ಯವಾಗಿ ಕಾಣುತ್ತಿತ್ತು. ಪರಿಚಯದ ಅಕ್ಕಸಾಲಿಗರಿಂದ ಉಜ್ಜಿಸಿಬಿಟ್ಟೆ" ಎಂದರು, ಒಳ್ಳೆಯ ಕೆಲಸ ಮಾಡಿದವರ ಮುಖದಲ್ಲಿ.

ನಾನು ಏನೂ ಹೇಳಲಿಲ್ಲ. ಹೇಳಿದರೆ ಜೋರಾಗಿ ಹೇಳಿಬಿಡುತ್ತಿದ್ದೆ. ಹಿಂಭಾಗದ ಆ ಸಣ್ಣ ಗುರುತುಗಳು ಎರಡು ಸಾವಿರ ವರ್ಷಗಳ ಹಿಂದೆ ಆ ಬೆಳ್ಳಿಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದವರು ಒತ್ತಿದ ಮುದ್ರೆಗಳಾಗಿದ್ದಿರಬೇಕು. ಚಿನಿವಾರರ ಸಹಿ ಎನ್ನಿ. ಅವರು ಅಳಿಸಿದ್ದು ಗಾಯವನ್ನಲ್ಲ, ಸಾಕ್ಷಿಯನ್ನು.

ಇಂಥ ಪ್ರಸಂಗ ಹಳೆಯ ನಾಣ್ಯ ಪರೀಕ್ಷಿಸುವ ನನ್ನ ವೃತ್ತಿಯಲ್ಲಿ ತಿಂಗಳಿಗೊಂದಾದರೂ ನಡೆಯುತ್ತದೆ. ಇದರ ಬೇರು ನಾವೆಲ್ಲ ಶಾಲೆಯಲ್ಲಿ ಕೇಳಿದ ಒಂದು ಕತೆಯಲ್ಲಿದೆ ಎಂದು ನನ್ನ ಗುಮಾನಿ. ಕೋಳಿ ಇದ್ದವನಿಗೆ ಮಡಕೆ ಬೇಕು, ಮಡಕೆ ಇದ್ದವನಿಗೆ ಕೋಳಿ ಬೇಡ, ಇಬ್ಬರೂ ತಲೆ ಕೆರೆದುಕೊಳ್ಳುತ್ತಾರೆ, ಅಷ್ಟರಲ್ಲಿ ಯಾರೋ ಬೆಳ್ಳಿಯ ಬಿಲ್ಲೆ ಕಂಡುಹಿಡಿಯುತ್ತಾರೆ, ಎಲ್ಲವೂ ಸುಸೂತ್ರ. ಈ ಕತೆ ನಂಬಿದವರಿಗೆ ನಾಣ್ಯವೆಂದರೆ ಬರಿಯ ಬೆಳ್ಳಿ. ಬೆಳ್ಳಿ ಅಂದ ಮೇಲೆ ಉಜ್ಜಬೇಕು, ಹೊಳೆಯಬೇಕು.

ಕೋಳಿ-ಮಡಕೆಯ ತಂಟೆ ಒಂದೇ ಊರಿನವರ ನಡುವೆ ಅಷ್ಟಾಗಿ ಬರುವುದೇ ಇಲ್ಲ. ನಮ್ಮ ಹಳ್ಳಿಗಳ ಆಯಗಾರರನ್ನೇ ನೆನೆಯಿರಿ. ಕಮ್ಮಾರ ವರ್ಷವಿಡೀ ಗುಳ ತಟ್ಟಿಕೊಡುತ್ತಿದ್ದ, ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಕಾಳು ಅಳೆಸಿಕೊಳ್ಳುತ್ತಿದ್ದ. ಅದು ಅಲ್ಲಲ್ಲೇ ಮುಗಿಯುವ ವಿನಿಮಯವಲ್ಲ, ಲೆಕ್ಕ. ಮುಖ ಪರಿಚಯ ಇದ್ದಲ್ಲಿ ಲೆಕ್ಕ ನಡೆಯುತ್ತದೆ. ಕಷ್ಟ ಇರುವುದು ಮತ್ತೆ ಎಂದೂ ಕಾಣದ ಅಪರಿಚಿತನ ಜೊತೆ.

ಅಪರಿಚಿತರ ಜೊತೆಗಿನ ವ್ಯಾಪಾರವೂ ನಾಣ್ಯಕ್ಕಾಗಿ ಕಾದು ಕುಳಿತಿರಲಿಲ್ಲ. ನಾಣ್ಯ ಹುಟ್ಟುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ, ಕ್ರಿ.ಪೂ. 1900ರ ಸುಮಾರಿಗೆ, ಟೈಗ್ರಿಸ್ ದಂಡೆಯ ಅಶೂರ್ ನಗರದ ವರ್ತಕರು ಕತ್ತೆಗಳ ಮೇಲೆ ತವರ ಮತ್ತು ಬಟ್ಟೆ ಹೇರಿಕೊಂಡು ಸುಮಾರು ಸಾವಿರ ಕಿಲೊಮೀಟರ್ ನಡೆದು, ಇಂದಿನ ತುರ್ಕಿಯ ಕಾನೇಶ್ ಪಟ್ಟಣ ಸೇರುತ್ತಿದ್ದರು. ಆರು ವಾರದ ದಾರಿ. ಅವರ ಕಾಗದಪತ್ರಗಳೆಲ್ಲ ಮಣ್ಣಿನ ಫಲಕಗಳು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಅಶೂರಿನಲ್ಲಿ ಒಂದು ತೂಕ ಬೆಳ್ಳಿಗೆ ಹೆಚ್ಚುಕಡಿಮೆ 14 ತೂಕ ತವರ ಬರುತ್ತಿತ್ತು, ಕಾನೇಶಿನಲ್ಲಿ 7. ಒಂದು ಕತ್ತೆ 65 ಕಿಲೊ ತವರ ಹೊತ್ತಿತು ಎನ್ನಿ. ಕೊಂಡದ್ದು ನಾಲ್ಕೂವರೆ ಕಿಲೊ ಚಿಲ್ಲರೆ ಬೆಳ್ಳಿಗೆ, ಮಾರಿದ್ದು ಒಂಬತ್ತು ಕಿಲೊ ಚಿಲ್ಲರೆಗೆ. ಸುಂಕ, ಮೇವು, ಆಳಿನ ಖರ್ಚು ಕಳೆದರೂ ಒಳ್ಳೆಯ ಲಾಭ. ಒಂದು ನಾಣ್ಯವೂ ಇಲ್ಲದೆ ಇಷ್ಟು ದೊಡ್ಡ ವ್ಯವಹಾರ ನಡೆದಿತ್ತು.

ಹಾಗಾದರೆ ಅವರಿಗಿದ್ದ ತೊಂದರೆ ಯಾವುದು? ತಕ್ಕಡಿ. ಪ್ರತಿ ಪಾವತಿಗೂ ಬೆಳ್ಳಿ ತೂಗಬೇಕು. ಅಶೂರಿನ ತೂಕದ ಕಲ್ಲು ಬೇರೆ, ಕಾನೇಶಿನದು ಬೇರೆ. ತೂಕ ಸರಿಹೋದರೂ ಬೆಳ್ಳಿ ಶುದ್ಧವೋ ಅಲ್ಲವೋ ಎಂಬ ತಗಾದೆ ಉಳಿದೇ ಇರುತ್ತದೆ. ಮೂಟೆ ಬೆಳ್ಳಿಗೆ ಒಮ್ಮೆ ತೂಗಿ ಪರೀಕ್ಷಿಸಿದರೆ ಆಯಿತು, ಆ ಶ್ರಮ ಗಿಟ್ಟುತ್ತದೆ. ಚೂರು ಬೆಳ್ಳಿಗೆ? ಸಾವಿರ ಜನ ಕೂಲಿಗಳಿಗೆ ಬಟವಾಡೆ ಮಾಡುವಾಗ?

ನಾನು ಎಷ್ಟು ಸಲ ಹೇಳಿದರೂ ಜಾರಿಹೋಗುವ ಮಾತು ಇದೇ, ಆದ್ದರಿಂದ ತುಸು ನಿಧಾನವಾಗಿ ಹೇಳುತ್ತೇನೆ. ನಾಣ್ಯ ಬಂದದ್ದು ಕೋಳಿಯ ಜಾಗಕ್ಕಲ್ಲ, ತಕ್ಕಡಿಯ ಮತ್ತು ಒರೆಗಲ್ಲಿನ ಜಾಗಕ್ಕೆ. ಲೋಹ ಮೊದಲೇ ಇತ್ತು, ಅದರ ಬೆಲೆಯೂ ಇತ್ತು. ಹೊಸದಾಗಿ ಬಂದದ್ದು ಮುದ್ರೆ. ಆ ಮುದ್ರೆ ಹೇಳುತ್ತಿದ್ದದ್ದು ಇಷ್ಟೇ: ನಾನು ತೂಗಿ ನೋಡಿದ್ದೇನೆ, ನೀನು ಮತ್ತೆ ತೂಗಬೇಡ. ಅಳೆದು ತೂಗುವ ತೊಂದರೆ ತಪ್ಪಿಸಲೆಂದೇ ಮುದ್ರೆ ಒತ್ತಿದರು ಎಂದು ಅರಿಸ್ಟಾಟಲ್ ಆಗಲೇ ಹೇಳಿದ್ದಾನೆ. ನಾನು ಹೊಸದೇನನ್ನೂ ಹೇಳುತ್ತಿಲ್ಲ.

ಮೊದಲ ಮುದ್ರೆ ಬಿದ್ದದ್ದು ಪಶ್ಚಿಮ ತುರ್ಕಿಯ ಲಿಡಿಯಾ ರಾಜ್ಯ ಮತ್ತು ಅದರ ನೆರೆಯ ಗ್ರೀಕ್ ಊರುಗಳಲ್ಲಿ, ಸುಮಾರು ಕ್ರಿ.ಪೂ. ಏಳನೆಯ ಶತಮಾನದ ಉತ್ತರಾರ್ಧದಲ್ಲಿ. ಲೋಹ ಎಲೆಕ್ಟ್ರಮ್, ಅಂದರೆ ಚಿನ್ನ-ಬೆಳ್ಳಿಯ ಮಿಶ್ರಣ. ರಾಜಧಾನಿ ಸಾರ್ಡಿಸ್‌ನ ಪಕ್ಕದ ಪ್ಯಾಕ್ಟೋಲಸ್ ಹೊಳೆಯ ಮರಳಿನಲ್ಲಿ ಅದು ಸಹಜವಾಗಿಯೇ ಸಿಗುತ್ತಿತ್ತು. ಇದು ತಕ್ಕಡಿಗೆ ದೊಡ್ಡ ತಲೆನೋವಿನ ಲೋಹ. ಒಂದೇ ತೂಕದ ಎರಡು ಚೂರು. ಒಂದರಲ್ಲಿ ಮುಕ್ಕಾಲು ಪಾಲು ಚಿನ್ನ, ಇನ್ನೊಂದರಲ್ಲಿ ಅರ್ಧ. ತೂಕ ಒಂದೇ, ಬೆಲೆ ಬೇರೆ. ಒರೆಗಲ್ಲಿಗೆ ಗ್ರೀಕರು 'ಲಿಡಿಯಾದ ಕಲ್ಲು' ಎಂದೇ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಲಿಡಿಯಾದವರು ಸಿಂಹದ ತಲೆ ಒತ್ತಿದ ಚೂರುಗಳನ್ನು ಹೊರಡಿಸಿದರು. ಪೂರ್ಣ ಘಟಕ 14 ಗ್ರಾಂಗಿಂತ ತುಸು ಹೆಚ್ಚು, ಅದರ ಮೂರನೆಯ ಒಂದು ಪಾಲು 4.7 ಗ್ರಾಂ, ಹೀಗೆ ಇಳಿಯುತ್ತಾ 96ನೆಯ ಒಂದು ಪಾಲಿನವರೆಗೆ. ಆ ಕೊನೆಯದನ್ನು ನಾನು ಭೂತಗನ್ನಡಿ ಇಲ್ಲದೆ ನೋಡಲಾರೆ; 0.15 ಗ್ರಾಂ, ನಮ್ಮ ಗುಲಗಂಜಿಗಿಂತ ಸ್ವಲ್ಪ ಹೆಚ್ಚು ತೂಕ, ಅಷ್ಟೇ. ಲಿಡಿಯಾದ ಈ ನಾಣ್ಯಗಳನ್ನು ಪರೀಕ್ಷಿಸಿದಾಗ ಚಿನ್ನ ನೂರಕ್ಕೆ ಸುಮಾರು 54 ಪಾಲು ಕಂಡಿದೆ. ಹೊಳೆಯ ಸಹಜ ಮಿಶ್ರಣದಲ್ಲಿ ಇರುವುದಕ್ಕಿಂತ ಇದು ಕಡಿಮೆ, ಆದರೆ ನಾಣ್ಯದಿಂದ ನಾಣ್ಯಕ್ಕೆ ಬಹುಮಟ್ಟಿಗೆ ಸಮ. ಎಂದರೆ ಬೇಕೆಂದೇ ಬೆಳ್ಳಿ ಬೆರೆಸಿದ್ದಾರೆ. ರಾಜ ಅದರಿಂದ ಲಾಭ ಮಾಡಿಕೊಂಡನೇ ಎಂಬುದು ಇನ್ನೂ ಚರ್ಚೆಯಲ್ಲಿದೆ. ನಾನು ತೀರ್ಪು ಕೊಡುವುದಿಲ್ಲ. ಮಿಶ್ರಣ ಸಮವಾಗಿದ್ದದ್ದರಿಂದ ಮುದ್ರೆ ನಂಬಲು ಯೋಗ್ಯವಾಯಿತು ಎಂಬಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಆದರೆ ಈ ನಾಣ್ಯಗಳು ದೂರ ಹೋಗಲಿಲ್ಲ. ಅಗೆತಗಳಲ್ಲಿ ಇವು ಸಿಗುವುದು ಹೆಚ್ಚಾಗಿ ಹುಟ್ಟಿದ ನೆಲದ ಸುತ್ತಮುತ್ತಲೇ. ಕಾರಣ ಸರಳ. ಸಿಂಹದ ಮಾತು ನಡೆಯುವುದು ಸಿಂಹದ ಸೀಮೆಯಲ್ಲಿ. ಗಡಿ ದಾಟಿದ ಮೇಲೆ ಅದು ಮತ್ತೆ ಎಷ್ಟು ಚಿನ್ನ ಇದೆಯೋ ಗೊತ್ತಿಲ್ಲದ ಒಂದು ಚೂರು. ದೂರದ ವ್ಯಾಪಾರಕ್ಕೆ ನಾಣ್ಯ ತಟ್ಟನೆ ದಾರಿ ತೆರೆಯಿತು ಎನ್ನುವವರಿಗೆ ನಾನು ತೋರಿಸುವುದು ಇದನ್ನೇ.

ಈ ಗಂಟನ್ನು ಬಿಡಿಸಿದವನು ಕ್ರೀಸಸ್, ಕ್ರಿ.ಪೂ. 561ರ ಸುಮಾರಿಗೆ ಪಟ್ಟಕ್ಕೆ ಬಂದ ಲಿಡಿಯಾದ ಕೊನೆಯ ದೊರೆ. ಅವನ ಕಾಲಕ್ಕೆ ಸೇರಿದ ಚಿನ್ನ ಶುದ್ಧಿಯ ಕಾರ್ಖಾನೆ ಸಾರ್ಡಿಸ್‌ನಲ್ಲಿ 1960ರ ದಶಕದಲ್ಲಿ ಅಗೆತದಲ್ಲಿ ಸಿಕ್ಕಿತು. ಲೋಹವನ್ನು ತೆಳುವಾಗಿ ಬಡಿದು, ಉಪ್ಪಿನ ಜೊತೆ ಮಣ್ಣಿನ ಗಡಿಗೆಯಲ್ಲಿಟ್ಟು, ಚಿನ್ನ ಕರಗದಷ್ಟು ಹದವಾದ ಕಾವಿನಲ್ಲಿ ಬಹಳ ಹೊತ್ತು ಬೇಯಿಸುತ್ತಿದ್ದರು. ಬೆಳ್ಳಿ ಉಪ್ಪಿನೊಡನೆ ಸೇರಿ ಹೊರಬಂದು ಗಡಿಗೆ, ಇಟ್ಟಿಗೆಗಳೊಳಗೆ ಇಂಗುತ್ತಿತ್ತು; ಚಿನ್ನ ಉಳಿಯುತ್ತಿತ್ತು. ಆಮೇಲೆ ಆ ಬೆಳ್ಳಿಯನ್ನೂ ಸೀಸದ ಸಹಾಯದಿಂದ ಮರಳಿ ಪಡೆಯುತ್ತಿದ್ದರು. ಹೀಗೆ ಅಪ್ಪಟ ಚಿನ್ನದ ನಾಣ್ಯ ಬೇರೆ, ಬೆಳ್ಳಿಯದು ಬೇರೆ ಬಂದವು. ಇನ್ನು ಮುದ್ರೆಯನ್ನು ನಂಬದವನೂ ಲೋಹವನ್ನು ನಂಬಬಹುದಿತ್ತು.

ದೂರದ ವ್ಯಾಪಾರದ ನಿಜವಾದ ನಾಣ್ಯ ಅಥೆನ್ಸಿನ ಗೂಬೆ. ಒಂದು ಕಡೆ ಅಥೀನಾ ದೇವಿಯ ತಲೆ, ಇನ್ನೊಂದು ಕಡೆ ಅವಳ ಹಕ್ಕಿ, ತೂಕ 17.2 ಗ್ರಾಂ, ಲಾರಿಯಂ ಗಣಿಗಳ ಒಳ್ಳೆಯ ಬೆಳ್ಳಿ. (ಗೂಬೆ ಮನೆಯೊಳಗೆ ಬಂದರೆ ಶಾಂತಿ ಮಾಡಿಸುವ ನಮ್ಮವರು ಇದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದರೋ ಇಲ್ಲವೋ.) ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಅಥೆನ್ಸಿನ ಲೇಖಕ ಕ್ಸೆನೊಫೋನ್ ಇದರ ಅನುಕೂಲವನ್ನು ವ್ಯಾಪಾರಿಯ ಕಣ್ಣಿನಿಂದ ವಿವರಿಸಿದ್ದಾನೆ. ಬಹುತೇಕ ಊರುಗಳಲ್ಲಿ ಸರಕು ಮಾರಿದವನು ಅಲ್ಲಿನದೇ ಸರಕನ್ನು ತುಂಬಿಕೊಂಡು ಮರಳಬೇಕು, ಏಕೆಂದರೆ ಅಲ್ಲಿನ ನಾಣ್ಯ ಹೊರಗೆ ನಡೆಯದು. ಅಥೆನ್ಸಿನಲ್ಲಾದರೆ ಬೆಳ್ಳಿಯನ್ನೇ ಒಯ್ಯಬಹುದು. ಎಲ್ಲಿ ಮಾರಿದರೂ ಹಾಕಿದ್ದಕ್ಕಿಂತ ಹೆಚ್ಚು ಬರುತ್ತದೆ. ಗೋಧಿಯ ಹಡಗಿನವನ ಜಾಗದಲ್ಲಿ ನಿಂತು ಯೋಚಿಸಿ. ಬೇಡದ ಸರಕನ್ನು ತುಂಬಿಕೊಳ್ಳುವ ಬಲವಂತ ತಪ್ಪಿತು, ಮುಂದಿನ ಬಂದರು ಯಾವುದೆಂದು ಅವನೇ ತೀರ್ಮಾನಿಸಬಹುದಾಯಿತು.

ಹಾಗೆಂದು ಎಲ್ಲರೂ ಕಣ್ಣು ಮುಚ್ಚಿ ನಂಬಲಿಲ್ಲ. ಕ್ರಿ.ಪೂ. ಐದನೆಯ ಶತಮಾನದ ಆರಂಭದಲ್ಲಿ ಈಜಿಪ್ಟಿನವರಿಗೆ ಸ್ವಂತ ನಾಣ್ಯವಿರಲಿಲ್ಲ. ಬೆಳ್ಳಿ ಅವರಿಗೆ ತೂಕದ ಸರಕು. ಅಲ್ಲಿನ ಅಸ್ಯೂಟ್‌ನಲ್ಲಿ 1960ರ ದಶಕದ ಕೊನೆಯಲ್ಲಿ ಸಿಕ್ಕ ನಿಧಿಯಲ್ಲಿ ಹಲವು ಗ್ರೀಕ್ ಊರುಗಳ ಸುಮಾರು 900 ಬೆಳ್ಳಿ ನಾಣ್ಯಗಳಿದ್ದವು. ಅನೇಕವುಗಳ ಮೇಲೆ ಉಳಿಯಿಟ್ಟು ಹೊಡೆದ ಆಳವಾದ ಕಚ್ಚುಗಳಿವೆ. ಒಳಗೂ ಬೆಳ್ಳಿಯೇ ಇದೆಯೇ, ಬೆಳ್ಳಿ ಹೊದ್ದ ತಾಮ್ರವೇ ಎಂದು ನೋಡಲು ಹೊಡೆದ ಏಟು ಅದು.

ಅಥೆನ್ಸ್ ಈ ಏಟನ್ನು ಸರ್ಕಾರಿ ಕೆಲಸವನ್ನಾಗಿಯೇ ಮಾಡಿತು. ಕ್ರಿ.ಪೂ. 375ರ ಕಾನೂನಿನ ಕಲ್ಲು ಅಲ್ಲಿನ ಪೇಟೆಯ ಅಗೆತದಲ್ಲಿ ಸಿಕ್ಕಿದೆ. ಸಾರ್ವಜನಿಕ ಗುಲಾಮನೊಬ್ಬ ಚಿನಿವಾರರ ಮೇಜುಗಳ ನಡುವೆ ಕುಳಿತು ನಾಣ್ಯ ಪರೀಕ್ಷಿಸಬೇಕು. ಒಳಗೆ ತಾಮ್ರವೋ ಸೀಸವೋ ಕಂಡರೆ ಅಲ್ಲೇ ಕತ್ತರಿಸಬೇಕು. ಅವನು ಸರಿ ಎಂದದ್ದನ್ನು ಬೇಡ ಎನ್ನುವ ವ್ಯಾಪಾರಿಯ ಆ ದಿನದ ಸರಕು ಜಪ್ತಿ. ಪರೀಕ್ಷಕ ಕೆಲಸಕ್ಕೆ ತಪ್ಪಿದರೆ ಅವನಿಗೆ ಐವತ್ತು ಛಡಿಯೇಟು. ಹಡಗಿನವರಿಗಾಗಿ ಪಿರೇಯಸ್ ಬಂದರಿನಲ್ಲಿ ಇನ್ನೊಬ್ಬನನ್ನು ನೇಮಿಸಬೇಕೆಂದೂ ಅದರಲ್ಲಿದೆ. ಸಮುದ್ರ ದಾಟಿ ಬಂದವನು ತಾನೇ ಉಳಿ ಹಿಡಿಯಬೇಕಾಗಿರಲಿಲ್ಲ. ನನ್ನ ಕಸುಬಿನ ಹಿರಿಯ ಈ ಗುಲಾಮನೇ. ಸಂಬಳದ ಮಟ್ಟಿಗೆ ನನ್ನದು ತುಸು ವಾಸಿ.

ಆದ್ದರಿಂದ ಕಚ್ಚು ಕಂಡಾಗ ಮೊದಲು ಅದರ ಒಳಗೆ ನೋಡಿ. ಹಳೆಯ ಏಟಾದರೆ ಒಳಗಿನ ಕಪ್ಪು ನಾಣ್ಯದ ಮೈಯ ಕಪ್ಪಿನಂತೆಯೇ ಇರುತ್ತದೆ. ಈಚಿನ ಗೀರಾದರೆ ಬಿಳಿಯಾಗಿ ಹೊಳೆಯುತ್ತದೆ. ಇದು ಸಾಮಾನ್ಯ ಲಕ್ಷಣ, ಕೊನೆಯ ಮಾತಲ್ಲ. ಉಜ್ಜಿದ ನಾಣ್ಯದಲ್ಲಿ ಈ ಲಕ್ಷಣವೂ ಉಳಿಯುವುದಿಲ್ಲ.

ಆ ಮಹಾಶಯರು ತಿಂಗಳ ಮೇಲೆ ಮತ್ತೆ ಬಂದರು. ಅದೇ ಪೆಟ್ಟಿಗೆಯಲ್ಲಿ ಇನ್ನೊಂದು ಇತ್ತಂತೆ. "ಇದನ್ನು ಮುಟ್ಟಿಲ್ಲ ಸಾರ್" ಎಂದು ಕಾಗದ ಬಿಚ್ಚಿದರು. ಅಂಚಿನ ಹತ್ತಿರ ಒಂದು ಕಚ್ಚು ಇತ್ತು. ಭೂತಗನ್ನಡಿಯ ಕೆಳಗಿಟ್ಟೆ. ಕಚ್ಚಿನ ಆಳದಲ್ಲಿ ಹಸಿರು, ತಾಮ್ರದ ಕಿಲುಬು. ಮೇಲೆ ಬೆಳ್ಳಿಯ ತೆಳು ಹೊದಿಕೆ.

"ಹಾಗಾದರೆ ಇದು ಖೋಟಾ?" ಎಂದು ಅವರ ಮುಖ ಬಾಡಿತು.

ಹೌದು, ಬಹುಶಃ ಆ ಕಾಲದ್ದೇ ಖೋಟಾ. ಆ ಕಾಲದವರೇ ಹಿಡಿದುಹಾಕಿದ್ದಾರೆ ಎಂದೆ. ಅವರು ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಕಚ್ಚನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಮೊದಲನೆಯದರ ಹಿಂಭಾಗದಲ್ಲಿ ಏನೇನಿತ್ತು ಎಂದು ಆ ಅಕ್ಕಸಾಲಿಗರಿಗೆ ನೆನಪಿರಬಹುದೇ ಎಂದು ಕೇಳಿದರು.