ಬಿಸಿಗಾಳಿಯಲ್ಲಿ ದುಡಿಯುವವರಿಗೆ: ನೀರು, ನೆರಳು ಮತ್ತು ಮೊದಲ ವಾರ

ಬಿಸಿಲಲ್ಲಿ ದುಡಿಯುವ ಮೈಯನ್ನು ತಣಿಸುವುದು ಬೆವರು. ಆದರೆ ಬೆವರು ಸುರಿದರೆ ಸಾಲದು, ಅದು ಮೈಮೇಲೇ ಆರಬೇಕು. ಆರುವಾಗ ಅದು ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಮೈಯ ನೀರು ಕಳೆಯುತ್ತದೆ, ಮೈ ತಣಿಯುವುದಿಲ್ಲ.

ಇದು ಗೊತ್ತಿದ್ದರೆ ಫೋನಿನಲ್ಲಿ ಕಾಣುವ ಉಷ್ಣಾಂಶವನ್ನು ಹೇಗೆ ಓದಬೇಕು ಎಂಬುದೂ ತಿಳಿಯುತ್ತದೆ. ಆ ಅಂಕಿ ನೆರಳಿನ ಗಾಳಿಯದು. ನೇರ ಬಿಸಿಲಲ್ಲಿ ನಿಂತರೆ ಮೈಗೆ ಅದಕ್ಕಿಂತ 8 ಡಿಗ್ರಿಯವರೆಗೂ ಹೆಚ್ಚು ಅನಿಸಬಹುದು. ಜೊತೆಗೆ ಗಾಳಿಯ ತೇವಾಂಶವನ್ನೂ ನೋಡಿ. 40 ಡಿಗ್ರಿ ಇದ್ದು ತೇವಾಂಶ 15% ಇರುವ ದಿನಕ್ಕಿಂತ, 34 ಡಿಗ್ರಿ ಇದ್ದು ತೇವಾಂಶ 75% ಇರುವ ದಿನ ಮೈಗೆ ಹೆಚ್ಚು ಕಷ್ಟ. ಗಾಳಿ ಆಗಲೇ ಒದ್ದೆಯಾಗಿರುವುದರಿಂದ ಬೆವರು ಆರುವುದಿಲ್ಲ. 'ಇವತ್ತು ಬಿಸಿಲು ಅಷ್ಟೇನಿಲ್ಲ' ಎಂದು ಮೋಸಹೋಗುವುದು ಇಂಥ ದಿನಗಳಲ್ಲೇ.

ಬೈಕಿನಲ್ಲಿ ಡೆಲಿವರಿ ಮಾಡುವವರಿಗೆ ಇನ್ನೊಂದು ಮೋಸವಿದೆ. ಓಡುವಾಗ ಗಾಳಿ ಬೀಸುತ್ತದೆ, ಹಿತವೆನಿಸುತ್ತದೆ. ಆದರೆ ಬಿಸಿಲಲ್ಲಿ ಚರ್ಮದ ಬಿಸಿ ಸುಮಾರು 35 ಡಿಗ್ರಿ. ಗಾಳಿ 42 ಡಿಗ್ರಿ ಇದ್ದರೆ ಅದು ಮೈಗೆ ಬಿಸಿ ತುಂಬುತ್ತದೆ. ಬೆವರೂ ಬಂದ ಕೂಡಲೇ ಆರಿಹೋಗುವುದರಿಂದ ಬಟ್ಟೆ ಒದ್ದೆಯಾಗುವುದಿಲ್ಲ, ಬೆವರಿದ್ದೇ ಗೊತ್ತಾಗುವುದಿಲ್ಲ. ಹಾಗಾಗಿ ಬಾಯಾರಿಕೆಯನ್ನೋ ಒದ್ದೆ ಅಂಗಿಯನ್ನೋ ನಂಬಿ ನೀರು ಕುಡಿಯಬೇಡಿ. ಗಡಿಯಾರ ನೋಡಿ ಕುಡಿಯಿರಿ.

ಅಳತೆ ಸುಲಭ. 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ 200ರಿಂದ 250 ಮಿಲಿ ಲೀಟರ್. ಒಂದು ಲೀಟರಿನ ಬಾಟಲಿ ಒಂದೂಕಾಲು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ ಬರುತ್ತದೆ. ಆರು ಗಂಟೆಯ ಪಾಳಿಗೆ ನಾಲ್ಕೈದು ಲೀಟರ್ ಬೇಕು. ಇಷ್ಟನ್ನು ಬೈಕಿನಲ್ಲಿ ಹೊತ್ತು ತಿರುಗಲಾಗದು, ಆದ್ದರಿಂದ ಎಲ್ಲಿ ತುಂಬಿಸಿಕೊಳ್ಳುತ್ತೀರಿ ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ಡೆಲಿವರಿಯವರು ಗಡಿಯಾರದ ಬದಲು ಆರ್ಡರನ್ನೇ ಗುರುತಾಗಿ ಇಟ್ಟುಕೊಳ್ಳಬಹುದು. ಪ್ಯಾಕೆಟ್ ಎತ್ತಿಕೊಂಡಾಗ ಒಂದು ಲೋಟ, ಕೊಟ್ಟಾಗ ಒಂದು ಲೋಟ.

ಬೆಳಗ್ಗೆಯಿಂದ ಕುಡಿಯದೆ ಮಧ್ಯಾಹ್ನ ಒಂದೇ ಸಲ ಒಂದೂವರೆ ಲೀಟರ್ ಗಟಗಟ ಕುಡಿದರೆ ಹೊಟ್ಟೆ ಉಬ್ಬರಿಸಿ ವಾಂತಿಯಾಗಬಹುದು. ಗಂಟೆಗೆ 1.4 ಲೀಟರ್ ಮೀರಬಾರದು. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಗಂಟೆಗಟ್ಟಲೆ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿನ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತವೆ. ಬಿಸಿಲಿನ ಸುಸ್ತೂ ಹೀಗೇ ಕಾಣುವುದರಿಂದ ಎರಡನ್ನೂ ಗುರುತಿಸುವುದು ಕಷ್ಟ.

ಹೊತ್ತಿಗೆ ಸರಿಯಾಗಿ ಊಟ ಮಾಡುವವರಿಗೆ ಬೇಕಾದ ಉಪ್ಪಿನ ಬಹುಪಾಲು ಊಟದಿಂದಲೇ ಸಿಗುತ್ತದೆ. ಎರಡು ಗಂಟೆ ಮೀರಿ ಸತತವಾಗಿ ಬೆವರುವವರು, ಮೀನಖಂಡ ಹಿಡಿದುಕೊಳ್ಳುವವರು, ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಮೂಡುವವರು ನಡುವೆ ಓಆರ್‌ಎಸ್ ಕುಡಿಯಬೇಕು. ಪ್ಯಾಕೆಟ್ಟಿನ ಮೇಲೆ ಎಷ್ಟು ನೀರು ಎಂದಿದೆಯೋ ಅಷ್ಟೇ ಹಾಕಿ. ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ, ಚಿಕ್ಕದು 200 ಮಿಲಿಗೆ. ದೊಡ್ಡ ಪ್ಯಾಕೆಟ್ಟನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಅತಿಯಾಗಿ ತೊಂದರೆ ಹೆಚ್ಚುತ್ತದೆ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಲಸಿದ್ದು 24 ಗಂಟೆ ಮೀರಿದರೆ ಚೆಲ್ಲಿಬಿಡಿ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇದ್ದವರು ಎಷ್ಟು ಕುಡಿಯಬಹುದೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ಬಹಳ ಮಂದಿ ನೀರು ಕಡಿಮೆ ಕುಡಿಯುವುದಕ್ಕೆ ಮರೆವು ಕಾರಣವಲ್ಲ. ಶೌಚಾಲಯ ಸಿಗುವುದಿಲ್ಲ, ಅದಕ್ಕೆ. ಹೆಂಗಸರಿಗಂತೂ ಇದು ದಿನನಿತ್ಯದ ಕಷ್ಟ. ಕೆಲಸದ ಜಾಗದಲ್ಲಿ ನೀರಿನ ಡ್ರಮ್ ಇಟ್ಟು ಶೌಚಾಲಯ ಕೊಡದಿದ್ದರೆ ಆ ಡ್ರಮ್ ತುಂಬಿದ್ದು ತುಂಬಿದಂತೆಯೇ ಉಳಿಯುತ್ತದೆ. ಮೂತ್ರದ ಬಣ್ಣ ನೋಡುತ್ತಿರಿ. ತಿಳಿ ಹಳದಿಯಾದರೆ ಸರಿ. ಕಡು ಹಳದಿಗೆ ತಿರುಗಿದ್ದರೆ ನೀವು ಆಗಲೇ ಹಿಂದೆ ಬಿದ್ದಿದ್ದೀರಿ. ಹಾಗಿರುವಾಗ ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆ ನುಂಗಬೇಡಿ. ನೀರು ಕಡಿಮೆಯಾದ ಮೈಯಲ್ಲಿ ಅವು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಬಟ್ಟೆಯ ವಿಷಯ ಚಿಕ್ಕದು. ಸಡಿಲವಾದ, ತಿಳಿ ಬಣ್ಣದ, ತುಂಬು ತೋಳಿನ ಹತ್ತಿ ಬಟ್ಟೆ. ಹೆಲ್ಮೆಟ್ ತೆಗೆಯುವ ಮಾತೇ ಇಲ್ಲ. ಒಳಗೆ ತೆಳ್ಳನೆಯ ಒದ್ದೆ ಬಟ್ಟೆ ಕಟ್ಟಿಕೊಳ್ಳಿ. ಡೆಲಿವರಿ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡರೆ ಇಡೀ ಬೆನ್ನಿನ ಬೆವರು ಆರುವುದು ನಿಲ್ಲುತ್ತದೆ, ಅದನ್ನು ಹಿಂದಿನ ಸೀಟಿಗೆ ಬಿಗಿದು ಕಟ್ಟಿ.

ಇನ್ನು ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿಗೆ ಬರೋಣ. ಬಿಸಿಲು ಬಡಿಯುವುದು ಹೆಚ್ಚಾಗಿ ಹೊಸಬರಿಗೆ ಮತ್ತು ರಜೆ ಮುಗಿಸಿ ಬಂದವರಿಗೆ, ಅದೂ ಮೊದಲ ಕೆಲವೇ ದಿನಗಳಲ್ಲಿ. ಮೈ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಹೊಂದಿಕೊಂಡ ಮೈ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಆ ಬೆವರಿನಲ್ಲಿ ಉಪ್ಪು ಕಡಿಮೆ ಇರುತ್ತದೆ. ಅದೇ ಕೆಲಸಕ್ಕೆ ಎದೆಬಡಿತವೂ ಅಷ್ಟು ಏರುವುದಿಲ್ಲ. ಒಂದು ವಾರ ಬಿಸಿಲಿನಿಂದ ದೂರವಿದ್ದರೆ ಈ ಶಕ್ತಿ ಇಳಿಯತೊಡಗುತ್ತದೆ. ಕೈಯ ಕಸುಬು ಹಾಗೇ ಇರುತ್ತದೆ, ಮೈ ಮಾತ್ರ ಹೊಸಬನದಾಗಿರುತ್ತದೆ.

ಹತ್ತು ವರ್ಷ ಅನುಭವವಿರುವ ಸರಳು ಕಟ್ಟುವ ಕೆಲಸಗಾರರೊಬ್ಬರು 12 ದಿನ ಊರಲ್ಲಿದ್ದು ಬಿಸಿಗಾಳಿಯ ನಡುವೆ ವಾಪಸಾದರು ಎಂದುಕೊಳ್ಳಿ. ಎಂಟು ಗಂಟೆಯ ಕೆಲಸದಲ್ಲಿ ಅವರಿಗೆ ಮೊದಲ ದಿನ ಬಿಸಿಲಿನ ಕೆಲಸ ಅರ್ಧ ಮಾತ್ರ, ನಾಲ್ಕು ಗಂಟೆ. ಎರಡನೆಯ ದಿನ 60%, ಹೆಚ್ಚುಕಡಿಮೆ ಐದು ಗಂಟೆ. ಮೂರನೆಯ ದಿನ 80%, ಸುಮಾರು ಆರೂವರೆ ಗಂಟೆ. ನಾಲ್ಕನೆಯ ದಿನ ಪೂರ್ತಿ. ಉಳಿದ ಹೊತ್ತು ನೆರಳಲ್ಲಿ ಸರಳು ಬಗ್ಗಿಸುವುದೋ ತಂತಿ ಕತ್ತರಿಸುವುದೋ ಇರಲಿ. ಬಿಸಿಲ ಕೆಲಸಕ್ಕೆ ಪೂರಾ ಹೊಸಬರಾದರೆ ಮೊದಲ ದಿನ 20%, ಅಂದರೆ ಒಂದೂವರೆ ಗಂಟೆ. ಆಮೇಲೆ ದಿನಕ್ಕೆ ಇನ್ನಷ್ಟೇ ಸೇರಿಸುತ್ತ ಐದನೆಯ ದಿನಕ್ಕೆ ಪೂರ್ತಿ. ಮೇಸ್ತ್ರಿಗಳು ಇದನ್ನು ಹಾಜರಿ ಪುಸ್ತಕದಲ್ಲೇ ಗುರುತು ಹಾಕಿಕೊಳ್ಳಬಹುದು. ಆದರೆ ಅರ್ಧ ದಿನಕ್ಕೆ ಅರ್ಧ ಕೂಲಿ ಎಂದರೆ ಯಾರೂ ಈ ನಿಯಮ ಪಾಲಿಸುವುದಿಲ್ಲ. ಆರ್ಡರ್ ಲೆಕ್ಕದಲ್ಲಿ ದುಡ್ಡು ಸಿಗುವವರ ಪಾಡೂ ಅಷ್ಟೇ.

ಈಗ ಅದೇ ಕೆಲಸಗಾರರಿಗೆ ಮೊದಲ ದಿನವೇ ಪೂರ್ತಿ ಕೆಲಸ ಕೊಟ್ಟರು ಎನ್ನಿ. ಮೇಲೆ ಬಿಸಿಲು, ಕೆಳಗೆ ಕಾದ ಸೆಂಟ್ರಿಂಗ್ ಶೀಟು, ಕೈಯಲ್ಲಿ ಕಾದ ಸರಳು. ಹನ್ನೆರಡು ಗಂಟೆಗೆ ಮೀನಖಂಡ ಹಿಡಿಯುತ್ತದೆ. ಒಂದಕ್ಕೆ ತಲೆನೋವು, ವಾಕರಿಕೆ, ಮೈಯೆಲ್ಲ ಬೆವರು, ಎದ್ದುನಿಂತರೆ ಕಣ್ಣು ಕತ್ತಲೆ. ಇದು ಬಿಸಿಲಿನ ಸುಸ್ತು. ಇಲ್ಲಿಗೆ ಕೆಲಸ ನಿಲ್ಲಬೇಕು. ನೆರಳಿಗೆ ಕರೆತಂದು, ಶೂ ಬಿಚ್ಚಿ, ಅಂಗಿ ಸಡಿಲಿಸಿ, ಮೈ ಒದ್ದೆ ಮಾಡಿ ಗಾಳಿ ಬೀಸಿ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಒಬ್ಬರನ್ನೇ ಬಿಟ್ಟು ಹೋಗಬೇಡಿ. ಅರ್ಧ ಗಂಟೆಯಲ್ಲಿ ಚೇತರಿಸದಿದ್ದರೆ ಆಸ್ಪತ್ರೆಗೆ. ಚೇತರಿಸಿದರೂ ಆ ದಿನ ಮತ್ತೆ ಬಿಸಿಲಿಗೆ ಕಳಿಸಬಾರದು.

ಅದನ್ನು ಲೆಕ್ಕಿಸದೆ ದುಡಿದರೆ ಎರಡು ಗಂಟೆಯ ಹೊತ್ತಿಗೆ ಮಾತು ತೊದಲುತ್ತದೆ, ಕಟ್ಟಿದ್ದನ್ನೇ ಮತ್ತೆ ಕಟ್ಟುತ್ತಾರೆ, ಕಾರಣವಿಲ್ಲದೆ ರೇಗುತ್ತಾರೆ. ಇದು ಹೀಟ್ ಸ್ಟ್ರೋಕ್. ಮೈಯೊಳಗಿನ ಬಿಸಿ 40 ಡಿಗ್ರಿ ಮುಟ್ಟಿ ಮಿದುಳಿಗೆ ತಟ್ಟಿರುತ್ತದೆ. 'ಬೆವರು ನಿಂತರೆ ಮಾತ್ರ ಹೀಟ್ ಸ್ಟ್ರೋಕ್' ಎಂಬ ಮಾತನ್ನು ನಂಬಬೇಡಿ. ದುಡಿಯುವಾಗ ಬಿದ್ದವರ ಮೈ ಹಲವು ಸಲ ಬೆವರಿನಿಂದ ತೊಯ್ದೇ ಇರುತ್ತದೆ. ಬೆವರಿಗಿಂತ ಬುದ್ಧಿಯನ್ನು ಪರೀಕ್ಷಿಸಿ. ಹೆಸರೇನು, ಇದು ಯಾವ ಜಾಗ, ಈಗ ಏನು ಮಾಡುತ್ತಿದ್ದೆ ಎಂದು ಕೇಳಿ. ನಾಲ್ಕು ಹೆಜ್ಜೆ ನೇರ ನಡೆಸಿ. ತಪ್ಪಿದರೆ ಅನುಮಾನ ಬೇಡ. ಒಬ್ಬರೇ ಓಡಾಡುವ ಡೆಲಿವರಿಯವರಿಗೆ ಕೇಳುವವರಿಲ್ಲ. ಗೊತ್ತಿರುವ ತಿರುವು ತಪ್ಪಿದರೆ, ವಿಳಾಸವನ್ನು ಮೂರು ಸಲ ಓದಿದರೂ ತಲೆಗೆ ಹೋಗದಿದ್ದರೆ, ಉರಿಬಿಸಿಲಲ್ಲಿ ಚಳಿಯಾಗಿ ರೋಮ ನಿಮಿರಿದರೆ ಅಲ್ಲೇ ಬೈಕ್ ನಿಲ್ಲಿಸಿ ನೆರಳಿಗೆ ಹೋಗಿ, ಹತ್ತಿರದವರನ್ನು ಕರೆಯಿರಿ.

ಹೀಟ್ ಸ್ಟ್ರೋಕ್ ಆದಾಗ ಒಬ್ಬರು ಆಂಬುಲೆನ್ಸಿಗೆ ಫೋನ್ ಮಾಡಲಿ, ಮಿಕ್ಕವರು ಆ ಕ್ಷಣವೇ ತಣಿಸಲು ಶುರುಮಾಡಲಿ. ಗಾಡಿ ಬರಲಿ ಎಂದು ಕಾಯುತ್ತ ಕೂತರೆ ಕಾಲ ಮಿಂಚುತ್ತದೆ. ಅರ್ಧ ಗಂಟೆಯೊಳಗೆ ಬಿಸಿ 39 ಡಿಗ್ರಿಗಿಂತ ಕೆಳಗೆ ಬರಬೇಕು. ಕಟ್ಟಡದ ಜಾಗದಲ್ಲಿ ಇದಕ್ಕೆ ಬೇಕಾದ್ದೆಲ್ಲ ಇರುತ್ತದೆ. ಒಂದು ಟಾರ್ಪಾಲಿನ ಮೇಲೆ ಮಲಗಿಸಿ, ನಾಲ್ವರು ಅಂಚು ಎತ್ತಿಹಿಡಿದು ತೊಟ್ಟಿಲಿನಂತೆ ಮಾಡಿ, ನೀರು ತುಂಬಿ. ತಲೆ ಮೇಲಿರಲಿ. ಮಂಜುಗಡ್ಡೆ ಸಿಕ್ಕರೆ ಸುರಿಯಿರಿ, ನೀರನ್ನು ಕಲಕುತ್ತಿರಿ. ಕ್ಯೂರಿಂಗ್ ಪೈಪಿನಿಂದ ನೀರು ಬಿಡುವಾಗ ಒಂದು ಎಚ್ಚರ. ಬಿಸಿಲಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರು ಸುಡುವಷ್ಟು ಬಿಸಿಯಿರುತ್ತದೆ, ಅದು ಹರಿದುಹೋಗಲಿ. ರಸ್ತೆಯಲ್ಲಾದರೆ ಸಿಕ್ಕ ನೀರನ್ನೆಲ್ಲ ತಲೆಯಿಂದ ಕಾಲಿನವರೆಗೆ ಸುರಿಯುತ್ತ, ರಟ್ಟಿನಿಂದಲೋ ಬ್ಯಾಗಿನ ಮುಚ್ಚಳದಿಂದಲೋ ಬೀಸುತ್ತಿರಿ. ಒದ್ದೆ ಬಟ್ಟೆ ಹೊದಿಸಿ ಹಾಗೇ ಬಿಟ್ಟರೆ ಅದು ಬೇಗ ಬಿಸಿಯಾಗಿ ಕಂಬಳಿಯಂತಾಗುತ್ತದೆ, ಮತ್ತೆ ಮತ್ತೆ ಅದ್ದಿ ಬದಲಿಸಬೇಕು.

ಗೊಂದಲದಲ್ಲಿರುವವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಪ್ಯಾರಾಸಿಟಮಾಲ್ ಕೊಡಬೇಡಿ. ಅದು ಸೋಂಕಿನ ಜ್ವರಕ್ಕೆ ಕೆಲಸ ಮಾಡುತ್ತದೆ, ಈ ಬಿಸಿಗೆ ಮಾಡುವುದಿಲ್ಲ, ಮೇಲಾಗಿ ಆಗಲೇ ಬಳಲಿದ ಯಕೃತ್ತಿಗೆ ಹೊರೆ. ವಾಂತಿಯಾದರೆ ಒಂದು ಮಗ್ಗುಲಿಗೆ ತಿರುಗಿಸಿ.

ನೀರು ಸುರಿದ ಮೇಲೆ ಎದ್ದು ಕೂತು 'ನಂಗೇನಾಗಿಲ್ಲ' ಎಂದರೂ ಆಸ್ಪತ್ರೆಗೆ ಹೋಗಲೇಬೇಕು. ಯಕೃತ್ತು, ಮೂತ್ರಪಿಂಡ, ಸ್ನಾಯುಗಳಿಗೆ ಆದ ಪೆಟ್ಟು ಒಂದೆರಡು ದಿನ ಕಳೆದು ರಕ್ತಪರೀಕ್ಷೆಯಲ್ಲಿ ಕಾಣಬಹುದು. ಮತ್ತೆ ಬಿಸಿಲಿಗೆ ಇಳಿಯುವುದು ವೈದ್ಯರು ಒಪ್ಪಿದ ಮೇಲೆ. ಆಗ ಅವರನ್ನು ಹೊಸಬರೆಂದೇ ಎಣಿಸಿ, ಮೊದಲ ದಿನ ಒಂದೂವರೆ ಗಂಟೆಯ ಲೆಕ್ಕದಿಂದಲೇ ಶುರುಮಾಡಿಸಿ.